ಏಳು ದಿನದ ಮಾತ್ರೆಗೆ ಪ್ರಾಸ್ಟೇಟ್ ಸೋಂಕು ಏಕೆ ಬಗ್ಗುವುದಿಲ್ಲ

ವೃಷಣಚೀಲದ ಹಿಂದೆ, ಗುದದ್ವಾರದ ಮುಂದೆ ಇರುವ ಅಂಗೈ ಅಗಲಕ್ಕಿಂತ ಚಿಕ್ಕ ಜಾಗದಲ್ಲಿ ಒಂದು ಮೊಂಡು ನೋವು. ಕುಳಿತರೆ ಹೆಚ್ಚುತ್ತದೆ, ಎದ್ದು ಓಡಾಡಿದರೆ ತುಸು ಕಡಿಮೆ. ಮೂತ್ರಕ್ಕೆ ನಿಂತರೆ ಧಾರೆ ಬೇಗ ಶುರುವಾಗುವುದಿಲ್ಲ, ಶುರುವಾದರೂ ಸಣ್ಣಗೆ, ತಡೆತಡೆದು ಬರುತ್ತದೆ, ಮುಗಿಯಿತು ಎಂದುಕೊಂಡ ಮೇಲೂ ನಾಲ್ಕು ಹನಿ ತೊಟ್ಟಿಕ್ಕುತ್ತದೆ. ಕೆಲವರಿಗೆ ವೀರ್ಯಸ್ಖಲನದ ಹೊತ್ತಿಗೆ ಅಥವಾ ಅದಾದ ಮೇಲೆ ನೋವು ಚುಚ್ಚುತ್ತದೆ. ಐವತ್ತರೊಳಗಿನ ಗಂಡಸಿಗೆ ಈ ಎರಡು ದೂರುಗಳು, ಅಂದರೆ ಆ ಜಾಗದ ನೋವು ಮತ್ತು ಸಣ್ಣ ಧಾರೆ, ಜೊತೆಯಾಗಿ ಬಂದರೆ ವೈದ್ಯರು ಮೊದಲು ಯೋಚಿಸುವ ಕಾಯಿಲೆಗಳಲ್ಲಿ ಪ್ರಾಸ್ಟೇಟ್ ಗ್ರಂಥಿಯ ತೊಂದರೆಯಾದ ಪ್ರಾಸ್ಟಟೈಟಿಸ್ ಒಂದು.

ಪ್ರಾಸ್ಟೇಟ್ ಇರುವ ಜಾಗವನ್ನು ತಿಳಿದುಕೊಂಡರೆ ಈ ಲಕ್ಷಣಗಳೆಲ್ಲ ಒಟ್ಟಿಗೆ ಏಕೆ ಬರುತ್ತವೆ ಎಂಬುದು ಅರ್ಥವಾಗುತ್ತದೆ. ಯುವಕರಲ್ಲಿ ಸುಮಾರು 20 ಗ್ರಾಂ ತೂಗುವ ಈ ಗ್ರಂಥಿ ಮೂತ್ರಕೋಶದ ಬಾಯಿಗೆ ಕೆಳಗಿನಿಂದ ಅಂಟಿಕೊಂಡಿದೆ. ಮೂತ್ರನಾಳದ ಮೊದಲ ಮೂರು ಸೆಂಟಿಮೀಟರಿನಷ್ಟು ಭಾಗ ಇದರ ನಡುವಿನಿಂದಲೇ ಹಾದುಹೋಗುತ್ತದೆ. ಹಿಂಬದಿ ಗುದನಾಳಕ್ಕೆ ತಾಗಿಕೊಂಡಿರುವುದರಿಂದಲೇ ವೈದ್ಯರು ಗುದದ್ವಾರದಿಂದ ಬೆರಳು ಹಾಕಿ ಅದನ್ನು ಮುಟ್ಟಿ ನೋಡಬಲ್ಲರು. ಕೆಳಗೆ ಶ್ರೋಣಿಯ ತಳವನ್ನು ಹಾಸಿನಂತೆ ಹಿಡಿದಿರುವ ಸ್ನಾಯುಗಳಿವೆ. ಗ್ರಂಥಿ, ಮೂತ್ರಕೋಶದ ಬಾಯಿ, ಈ ಸ್ನಾಯುಗಳು, ವೃಷಣ, ಶಿಶ್ನದ ತುದಿ, ಇವುಗಳ ನೋವಿನ ಸುದ್ದಿ ಬೆನ್ನುಹುರಿಯ ಹತ್ತಿರಹತ್ತಿರದ ಮಟ್ಟಗಳಿಗೇ ಹೋಗಿ ಸೇರುತ್ತದೆ. ಹಾಗಾಗಿ ತೊಂದರೆ ಒಂದು ಕಡೆ ಇದ್ದರೂ ನೋವು ಇನ್ನೊಂದು ಕಡೆ ಕಾಣಿಸಿಕೊಳ್ಳುವುದುಂಟು.

ಧಾರೆ ಸಣ್ಣಗಾಗುವುದಕ್ಕೆ ಕಾರಣ ಒಂದೇ ಅಲ್ಲ. ಗ್ರಂಥಿ ಊದಿಕೊಂಡು ನಡುವಿನ ನಾಳವನ್ನು ಒತ್ತಬಹುದು. ಮೂತ್ರಕೋಶದ ಬಾಯಿಯಲ್ಲೂ ಪ್ರಾಸ್ಟೇಟಿನ ಒಳಗೂ ಇರುವ, ನಮ್ಮ ಇಚ್ಛೆಗೆ ಸಿಗದ ಸ್ನಾಯು ಬಿಗಿಹಿಡಿಯಬಹುದು. ಮೂರನೆಯದಾಗಿ, ನೋವಿಗೆ ಹೆದರಿದ ಶ್ರೋಣಿ ತಳದ ಸ್ನಾಯುಗಳು ಮೂತ್ರ ಬಿಡುವ ಹೊತ್ತಿಗೆ ಸಡಿಲವಾಗದೆ ಇರಬಹುದು. ಈ ಮೂರರಲ್ಲಿ ಯಾವುದು ಎಷ್ಟು ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಇವುಗಳಲ್ಲಿ ಯಾವುದೂ ಕೆಲವೇ ದಿನಗಳಲ್ಲಿ ಪೂರ್ತಿ ಸರಿಹೋಗುವಂಥದ್ದಲ್ಲ.

ಒಂದೇ ಹೆಸರು, ನಾಲ್ಕು ಕಾಯಿಲೆ

ಪ್ರಾಸ್ಟಟೈಟಿಸ್ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಕಾಯಿಲೆಗಳು ಸೇರಿಕೊಂಡಿದ್ದರಿಂದ ದಶಕಗಟ್ಟಲೆ ಗೊಂದಲವಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1995ರಲ್ಲಿ ತಜ್ಞರನ್ನು ಸೇರಿಸಿ ಮಾಡಿಸಿದ ವಿಂಗಡಣೆ 1999ರಲ್ಲಿ ಪ್ರಕಟವಾಯಿತು. ಇಂದಿಗೂ ಬಳಕೆಯಲ್ಲಿರುವುದು ಅದೇ. ಮೊದಲನೆಯ ವಿಧ ದಿಢೀರನೆ ಬರುವ ಬ್ಯಾಕ್ಟೀರಿಯಾ ಸೋಂಕು. ಎರಡನೆಯದು ಬ್ಯಾಕ್ಟೀರಿಯಾ ಗ್ರಂಥಿಯಲ್ಲಿ ಬೇರೂರಿ ಮತ್ತೆಮತ್ತೆ ಮರುಕಳಿಸುವ ದೀರ್ಘಕಾಲದ ಸೋಂಕು. ಮೂರನೆಯದರಲ್ಲಿ ನೋವು ತಿಂಗಳುಗಟ್ಟಲೆ ಇರುತ್ತದೆ, ಎಷ್ಟು ಹುಡುಕಿದರೂ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಕಳೆದ ಆರು ತಿಂಗಳಲ್ಲಿ ಕನಿಷ್ಠ ಮೂರು ತಿಂಗಳು ನೋವಿದ್ದರೆ ಮಾತ್ರ ಈ ಹೆಸರು ಕೊಡುತ್ತಾರೆ. ನಾಲ್ಕನೆಯದರಲ್ಲಿ ಯಾವ ತೊಂದರೆಯೂ ಇಲ್ಲ. ಬೇರೆ ಕಾರಣಕ್ಕೆ ಮಾಡಿದ ಪರೀಕ್ಷೆಯಲ್ಲಿ ಗ್ರಂಥಿಯಲ್ಲಿ ಉರಿಯೂತ ಇರುವುದು ಗೊತ್ತಾಗುತ್ತದೆ ಅಷ್ಟೆ, ಸಾಮಾನ್ಯವಾಗಿ ಅದಕ್ಕೆ ಚಿಕಿತ್ಸೆಯೂ ಬೇಕಿಲ್ಲ.

ತೊಂದರೆ ಹೇಳಿಕೊಂಡು ಬರುವವರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಮಂದಿ ಮೂರನೆಯ ವಿಧದವರು. ಸಾಬೀತಾದ ಬ್ಯಾಕ್ಟೀರಿಯಾ ಸೋಂಕು ಹತ್ತರಲ್ಲಿ ಒಬ್ಬರಿಗೆ ಇದ್ದರೆ ಹೆಚ್ಚು. ಆದರೂ ಆ್ಯಂಟಿಬಯಾಟಿಕ್ ಬಹುಪಾಲು ಎಲ್ಲರಿಗೂ ಸಿಗುತ್ತದೆ. ನಿಜವಾಗಿ ಬೇಕಾದವನಿಗೆ ಕಡಿಮೆ ದಿನ, ಬೇಡದವನಿಗೆ ಒಂದಾದ ಮೇಲೊಂದು ಕೋರ್ಸ್. ಈ ಕಾಯಿಲೆಯ ಚಿಕಿತ್ಸೆ ಹಳಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಜ್ವರ ಬಂದರೆ ಲೆಕ್ಕವೇ ಬೇರೆ

ಮೊದಲನೆಯ ವಿಧವನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅಲ್ಲಿ ಗೊಂದಲ ಕಡಿಮೆ. ಚಳಿ ನಡುಕದ ಜ್ವರ, ಮೈಕೈ ನೋವು, ಉರಿಮೂತ್ರ, ಆ ಜಾಗದಲ್ಲಿ ತೀವ್ರ ನೋವು, ಕೆಲವೊಮ್ಮೆ ಮೂತ್ರವೇ ಕಟ್ಟಿಹೋಗುವುದು, ಇವೆಲ್ಲ ಒಂದೆರಡು ದಿನದೊಳಗೆ ಬರುತ್ತವೆ. ಇದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ಬೆಳೆಸಿ ನೋಡುವ ಕಲ್ಚರ್‌ಗೆ ಮಾದರಿ ಕೊಟ್ಟ ಮೇಲೆ ಆ್ಯಂಟಿಬಯಾಟಿಕ್ ಶುರುವಾಗಬೇಕು. ಸುಸ್ತು, ವಾಂತಿ, ರಕ್ತದೊತ್ತಡ ಇಳಿಯುವುದು ಇದ್ದರೆ ಔಷಧಿ ರಕ್ತನಾಳದ ಮೂಲಕವೇ ಹೋಗಬೇಕು. ಬೆರಳು ಹಾಕಿ ಮುಟ್ಟಿ ನೋಡುವುದಾದರೂ ಮೆಲ್ಲಗೆ. ಗ್ರಂಥಿಯನ್ನು ಒತ್ತಿ ತಿಕ್ಕುವ ಪರೀಕ್ಷೆ ಈ ಹಂತದಲ್ಲಿ ಕೂಡದು, ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುವ ಅಪಾಯವಿದೆ. ಮೂತ್ರ ಕಟ್ಟಿದ್ದರೆ ತೆಳುವಾದ ಕ್ಯಾಥೆಟರ್ ಹಾಕುತ್ತಾರೆ, ಇಲ್ಲವೇ ಊದಿದ ಗ್ರಂಥಿಯ ದಾರಿ ಬಿಟ್ಟು ಕಿಬ್ಬೊಟ್ಟೆಯ ಮೂಲಕ ನೇರವಾಗಿ ಮೂತ್ರಕೋಶಕ್ಕೆ ಕೊಳವೆ ಇಳಿಸುತ್ತಾರೆ.

ಸರಿಯಾದ ಔಷಧಿ ಬಿದ್ದರೆ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ಗ್ರಂಥಿಯೊಳಗೆ ಕೀವು ಕಟ್ಟಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡಬೇಕು. ಸಕ್ಕರೆ ಕಾಯಿಲೆ ಇದ್ದವರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಈ ಅನುಮಾನ ಇನ್ನೂ ಬೇಗ ಬರಬೇಕು. ಕೀವು ಕಟ್ಟಿದ್ದರೆ ಬಹಳ ಸಲ ಅದನ್ನು ಹೊರತೆಗೆಯದೆ ಬರೀ ಮಾತ್ರೆಯಿಂದ ಆಗುವುದಿಲ್ಲ.

ಜ್ವರ ಬಿಟ್ಟ ಮೇಲೂ ಒಟ್ಟು ಎರಡರಿಂದ ನಾಲ್ಕು ವಾರ ಔಷಧಿ ಮುಂದುವರಿಯುತ್ತದೆ. ಮೂರನೇ ದಿನಕ್ಕೆ ಹಾಯೆನಿಸಿತು ಎಂದು ನಿಲ್ಲಿಸಿದರೆ, ಉಳಿದುಕೊಂಡ ಬ್ಯಾಕ್ಟೀರಿಯಾ ಎರಡನೆಯ ವಿಧಕ್ಕೆ ನಾಂದಿ ಹಾಡಬಹುದು. ಅಂದಹಾಗೆ, ಈ ಸಮಯದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಅನುಮಾನಕ್ಕೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿದರೆ ಅಂಕಿ ಹೌಹಾರುವಷ್ಟು ಏರಿರುತ್ತದೆ. ಅದು ಊತದ ಅಂಕಿ, ಕ್ಯಾನ್ಸರಿನ ಅಂಕಿಯೆಂದು ಓದುವಂತಿಲ್ಲ. ಚಿಕಿತ್ಸೆ ಮುಗಿದು ಕನಿಷ್ಠ ಆರರಿಂದ ಎಂಟು ವಾರ ಕಳೆದ ಮೇಲೆ ಮತ್ತೆ ನೋಡುವುದು ವಾಡಿಕೆ. ಕೆಲವರಲ್ಲಿ ಪೂರ್ತಿ ಇಳಿಯಲು ಇನ್ನೂ ತಿಂಗಳುಗಳು ಹಿಡಿಯುತ್ತವೆ.

ಮತ್ತೆ ಮತ್ತೆ ಬರುವ ಸೋಂಕು: ಒಂದು ಉದಾಹರಣೆ

ನಲವತ್ತನಾಲ್ಕು ವರ್ಷದ ಒಬ್ಬರನ್ನು ಊಹಿಸಿಕೊಳ್ಳೋಣ. ಎಂಟು ತಿಂಗಳಲ್ಲಿ ಮೂರು ಸಲ ಉರಿಮೂತ್ರ ಬಂದಿದೆ. ಮೂರು ಸಲವೂ ಕಲ್ಚರ್‌ನಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾವೇ ಸಿಕ್ಕಿದೆ, ಯಾವ ಔಷಧಿಗೆ ಬಗ್ಗುತ್ತದೆ ಎಂಬ ಪಟ್ಟಿಯೂ ಮೂರರಲ್ಲಿ ಒಂದೇ ಥರ ಇದೆ. ಪ್ರತಿ ಸಲ ನೈಟ್ರೋಫ್ಯುರಾಂಟಾಯಿನ್ ಎಂಬ ಆ್ಯಂಟಿಬಯಾಟಿಕ್ ಐದು ದಿನ ಕೊಟ್ಟಿದ್ದಾರೆ. ಎರಡನೇ ದಿನಕ್ಕೆ ಉರಿ ಹೋಗುತ್ತದೆ, ಒಂದೂವರೆ ತಿಂಗಳಿಗೆ ಮತ್ತೆ ಬರುತ್ತದೆ. ನಡುವಿನ ದಿನಗಳಲ್ಲಿ ಉರಿ ಇಲ್ಲ, ಆದರೆ ಕುಳಿತಾಗ ಆ ಮೊಂಡು ನೋವು ಮತ್ತು ಸಣ್ಣ ಧಾರೆ ಹಾಗೇ ಇವೆ.

ಇಲ್ಲಿ ಗಮನಿಸಬೇಕಾದದ್ದು ಅದೇ ಬ್ಯಾಕ್ಟೀರಿಯಾ ಮರಳಿ ಬರುತ್ತಿರುವುದು. ಹೊಸದಾಗಿ ಹೊರಗಿನಿಂದ ಬಂದಿದ್ದರೆ ತಳಿ ಬದಲಾಗುವ ಸಾಧ್ಯತೆ ಹೆಚ್ಚು. ಪ್ರತಿ ಸಲವೂ ಅದೇ ಬಂದರೆ ದೇಹದೊಳಗೆಲ್ಲೋ ಅದಕ್ಕೊಂದು ಅಡಗುತಾಣವಿದೆ. ಗಂಡಸರಲ್ಲಿ ಅದು ಹಲವು ಸಲ ಪ್ರಾಸ್ಟೇಟ್.

ಇದನ್ನು ಸಾಬೀತು ಮಾಡಲು ಮಿಯರ್ಸ್ ಮತ್ತು ಸ್ಟೇಮಿ ಎಂಬ ವೈದ್ಯರು 1968ರಲ್ಲಿ ನಾಲ್ಕು ಲೋಟದ ಪರೀಕ್ಷೆಯನ್ನು ವಿವರಿಸಿದರು. ಮೂತ್ರದ ಮೊದಲ 10 ಮಿ.ಲೀ., ನಡುವಿನ ಧಾರೆ, ಗ್ರಂಥಿಯನ್ನು ಒತ್ತಿದಾಗ ಬರುವ ದ್ರವ, ಒತ್ತಿದ ಮೇಲಿನ ಮೊದಲ ಮೂತ್ರ, ನಾಲ್ಕನ್ನೂ ಬೇರೆಬೇರೆ ಕಲ್ಚರ್ ಮಾಡುತ್ತಾರೆ. ಕೆಲಸ ಜಾಸ್ತಿ, ಹಾಗಾಗಿ ಈಗ ಎರಡು ಲೋಟದ ಸರಳ ರೂಪವೇ ಹೆಚ್ಚು ಚಾಲ್ತಿಯಲ್ಲಿದೆ. ಮೊದಲು ನಡುಧಾರೆಯ ಮೂತ್ರ ಒಂದು ಡಬ್ಬಿಗೆ. ಆಮೇಲೆ ವೈದ್ಯರು ಗುದದ್ವಾರದ ಮೂಲಕ ಗ್ರಂಥಿಯನ್ನು ಬದಿಯಿಂದ ನಡುವಿನತ್ತ ಸುಮಾರು ಒಂದು ನಿಮಿಷ ಒತ್ತುತ್ತಾರೆ. ಕೂಡಲೇ ಬರುವ ಮೊದಲ 10 ಮಿ.ಲೀ. ಮೂತ್ರ ಎರಡನೇ ಡಬ್ಬಿಗೆ. ನಮ್ಮ ಉದಾಹರಣೆಯ ವ್ಯಕ್ತಿಯ ಮೊದಲ ಡಬ್ಬಿಯಲ್ಲಿ ಪ್ರತಿ ಮಿಲಿಲೀಟರಿಗೆ 2,000 ಇ. ಕೋಲೈ, ಎರಡನೆಯದರಲ್ಲಿ 40,000 ಸಿಕ್ಕಿತು ಎನ್ನಿ. ಹತ್ತು ಪಟ್ಟು ಏರಿದರೆ ಸಾಕು, ಇಲ್ಲಿ ಇಪ್ಪತ್ತು ಪಟ್ಟು ಏರಿದೆ. ಬ್ಯಾಕ್ಟೀರಿಯಾ ಬಂದದ್ದು ಗ್ರಂಥಿಯಿಂದಲೇ.

ಪರೀಕ್ಷೆ ಕೆಡುವುದು ಎರಡು ಕಾರಣಕ್ಕೆ. ಆ್ಯಂಟಿಬಯಾಟಿಕ್ ನುಂಗುತ್ತಿರುವಾಗ ಅಥವಾ ನಿಲ್ಲಿಸಿದ ಬೆನ್ನಿಗೇ ಮಾಡಿದರೆ ಬ್ಯಾಕ್ಟೀರಿಯಾ ಇದ್ದರೂ ಬೆಳೆಯುವುದಿಲ್ಲ. ಇನ್ನೊಂದು, ಮೂತ್ರಕೋಶದಲ್ಲೇ ಸೋಂಕು ತುಂಬಿರುವಾಗ ಮಾಡಿದರೆ ಎರಡೂ ಡಬ್ಬಿಗಳು ತುಂಬಿ ತುಳುಕಿ ವ್ಯತ್ಯಾಸವೇ ಕಾಣುವುದಿಲ್ಲ. ಆಗ ಒಂದು ಜಾಣ ಉಪಾಯವಿದೆ. ಮೂರು ದಿನ ನೈಟ್ರೋಫ್ಯುರಾಂಟಾಯಿನ್ ಕೊಟ್ಟು ಮೂತ್ರಕೋಶವನ್ನು ತೊಳೆದು, ಆಮೇಲೆ ಗ್ರಂಥಿಯನ್ನು ಒತ್ತಿ ಪರೀಕ್ಷಿಸುತ್ತಾರೆ. ಈ ಔಷಧಿ ಮೂತ್ರದಲ್ಲಿ ಮಾತ್ರ ಸಾಂದ್ರವಾಗುತ್ತದೆ, ಪ್ರಾಸ್ಟೇಟಿನೊಳಕ್ಕೆ ಹೆಚ್ಚುಕಡಿಮೆ ಇಳಿಯುವುದೇ ಇಲ್ಲ. ಪರೀಕ್ಷೆಗೆ ಅನುಕೂಲವಾಗುವ ಇದೇ ಗುಣ ಚಿಕಿತ್ಸೆಯಲ್ಲಿ ಮುಳುವಾಗುತ್ತದೆ. ನಮ್ಮ ವ್ಯಕ್ತಿಗೆ ಮೂರು ಸಲವೂ ಉರಿ ಹೋಗಿ ಕಾಯಿಲೆ ಉಳಿದದ್ದು ಇದರಿಂದಲೇ. ಮೂತ್ರ ಶುದ್ಧವಾಯಿತು, ಗ್ರಂಥಿ ಆಗಲಿಲ್ಲ. ಕೆಲವು ವಾರಗಳ ನಂತರ ಗ್ರಂಥಿಯಿಂದ ಬ್ಯಾಕ್ಟೀರಿಯಾ ಮತ್ತೆ ಮೂತ್ರಕ್ಕೆ ಬಂತು.

ಔಷಧಿ ಒಳಗೆ ಇಳಿಯುವುದೇ ಕಷ್ಟ

ರಕ್ತದಲ್ಲಿ ಹರಿಯುವ ಔಷಧಿ ಪ್ರಾಸ್ಟೇಟಿನ ನಾಳಗಳೊಳಗಿನ ದ್ರವಕ್ಕೆ ತಲುಪಬೇಕಾದರೆ ಜೀವಕೋಶಗಳ ಒತ್ತಾದ ಪದರವೊಂದನ್ನು ದಾಟಬೇಕು. ಕೋಶಗಳ ಹೊದಿಕೆ ಕೊಬ್ಬಿನದು. ಕೊಬ್ಬಿನಲ್ಲಿ ಕರಗುವ, ವಿದ್ಯುದಂಶ ಇಲ್ಲದ ಅಣುಗಳಷ್ಟೇ ಸುಲಭವಾಗಿ ದಾಟುತ್ತವೆ. ರಕ್ತದ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡ ಔಷಧಿಯೂ ದಾಟದು. ಪೆನ್ಸಿಲಿನ್ ಗುಂಪಿನ ಬಹುಪಾಲು ಔಷಧಿಗಳು ಆಮ್ಲೀಯವಾದ್ದರಿಂದ ರಕ್ತದಲ್ಲಿ ವಿದ್ಯುದಂಶ ಹೊತ್ತೇ ಇರುತ್ತವೆ, ಇಲ್ಲಿ ಸೋಲುತ್ತವೆ. ಮೊದಲನೆಯ ವಿಧದಲ್ಲಿ ಇವೇ ಔಷಧಿಗಳು ಕೆಲಸ ಮಾಡುತ್ತವಲ್ಲ ಎಂದು ಕೇಳಬಹುದು. ಅಲ್ಲಿ ತೀವ್ರ ಉರಿಯೂತದಿಂದ ಆ ಪದರವೇ ಸೋರುವಂತಾಗಿರುತ್ತದೆ. ಉರಿಯೂತ ತಣಿದಂತೆ ಪದರ ಮತ್ತೆ ಮುಚ್ಚಿಕೊಳ್ಳುತ್ತದೆ. ದೀರ್ಘಕಾಲದ ಸೋಂಕಿನಲ್ಲಿ ಅದು ಹೆಚ್ಚಾಗಿ ಮುಚ್ಚಿಯೇ ಇರುತ್ತದೆ.

ಆಮ್ಲ ಕ್ಷಾರದ ವ್ಯತ್ಯಾಸವೂ ಇಲ್ಲಿ ಕೆಲಸ ಮಾಡುತ್ತದೆ. ರಕ್ತದ ಪಿಎಚ್ 7.4. ಆರೋಗ್ಯವಂತ ಪ್ರಾಸ್ಟೇಟಿನ ದ್ರವ ತುಸು ಆಮ್ಲೀಯ, ಸುಮಾರು 6.5. ಟ್ರೈಮೆಥೊಪ್ರಿಮ್ ಎಂಬ ಔಷಧಿ ಕ್ಷಾರೀಯ. ರಕ್ತದಲ್ಲಿ ಅದರ ಒಂದು ಪಾಲು ವಿದ್ಯುದಂಶವಿಲ್ಲದೆ ಇರುತ್ತದೆ, ಅದು ಪದರ ದಾಟುತ್ತದೆ. ಒಳಗಿನ ಆಮ್ಲೀಯ ದ್ರವದಲ್ಲಿ ವಿದ್ಯುದಂಶ ಪಡೆದು, ಮೀನು ಹಿಡಿಯುವ ಕೂಳಿಯೊಳಗೆ ಹೊಕ್ಕ ಮೀನಿನ ಹಾಗೆ ಹೊರಬರಲಾರದೆ ಅಲ್ಲೇ ಉಳಿಯುತ್ತದೆ. ಲೆಕ್ಕ ಹಾಕಿದರೆ ರಕ್ತದಲ್ಲಿರುವುದರ ಸುಮಾರು ನಾಲ್ಕು ಪಟ್ಟು ಔಷಧಿ ಒಳಗೆ ಸೇರಬೇಕು. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ದೀರ್ಘಕಾಲ ಸೋಂಕು ತಗುಲಿದ ಗ್ರಂಥಿಯ ದ್ರವ ಕ್ಷಾರದ ಕಡೆಗೆ ವಾಲುತ್ತದೆ, ಪಿಎಚ್ 8ರ ಆಸುಪಾಸಿಗೂ ಹೋಗುತ್ತದೆ. ಅದೇ ಲೆಕ್ಕವನ್ನು 8ಕ್ಕೆ ಹಾಕಿದರೆ ಒಳಗಿನ ಪ್ರಮಾಣ ರಕ್ತದಲ್ಲಿರುವುದರ ಮೂರನೇ ಎರಡರಷ್ಟಕ್ಕೆ ಕುಸಿಯುತ್ತದೆ. ಅಂದರೆ ಕಾಯಿಲೆಯೇ ತನ್ನ ಔಷಧಿಯ ದಾರಿಯನ್ನು ಕಟ್ಟಿಬಿಡುತ್ತದೆ. ಈ ಔಷಧಿಯನ್ನು ಸಲ್ಫಾ ಜೊತೆ ಸೇರಿಸಿ ಕೊಡುವಾಗ ಮೂರು ತಿಂಗಳವರೆಗೂ ಎಳೆಯಬೇಕಾಗುವುದಕ್ಕೆ ಇದೂ ಒಂದು ಕಾರಣ.

ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಇರುವ ಫ್ಲೋರೋಕ್ವಿನೊಲೋನ್ ಗುಂಪಿನ ಔಷಧಿಗಳ ಅಣುವಿನಲ್ಲಿ ಆಮ್ಲದ ತುದಿಯೂ ಇದೆ, ಕ್ಷಾರದ ತುದಿಯೂ ಇದೆ. ಹಾಗಾಗಿ ದ್ರವ ಆಮ್ಲೀಯವಾಗಿರಲಿ ಕ್ಷಾರೀಯವಾಗಿರಲಿ ಒಂದಿಷ್ಟು ಒಳಗೆ ಇಳಿದೇ ಇಳಿಯುತ್ತವೆ. ಬ್ಯಾಕ್ಟೀರಿಯಾ ಇವಕ್ಕೆ ಬಗ್ಗುವಂತಿದ್ದರೆ ಮೊದಲ ಆಯ್ಕೆ ಇವೇ. ಸಾಮಾನ್ಯ ಪ್ರಮಾಣ ಸಿಪ್ರೊಫ್ಲಾಕ್ಸಾಸಿನ್ 500 ಮಿ.ಗ್ರಾಂ ದಿನಕ್ಕೆರಡು ಸಲ ಅಥವಾ ಲೆವೊಫ್ಲಾಕ್ಸಾಸಿನ್ 500 ಮಿ.ಗ್ರಾಂ ದಿನಕ್ಕೊಮ್ಮೆ, ನಾಲ್ಕರಿಂದ ಆರು ವಾರ. ಮೂತ್ರಪಿಂಡದ ಶಕ್ತಿ ಕಡಿಮೆ ಇದ್ದರೆ ಪ್ರಮಾಣ ಬದಲಾಗುತ್ತದೆ, ಆದ್ದರಿಂದ ಇದು ತಾನೇ ತಂದು ನುಂಗುವ ಔಷಧಿಯಲ್ಲ. ಈ ಗುಂಪಿಗೆ ಬಗ್ಗದ ಬ್ಯಾಕ್ಟೀರಿಯಾ ಇದ್ದರೆ ಫಾಸ್ಫೊಮೈಸಿನ್‌ನಂಥ ಬೇರೆ ದಾರಿಗಳಿವೆ. ಆಯ್ಕೆ ಮಾಡಬೇಕಾದದ್ದು ಕಲ್ಚರ್ ವರದಿಯ ಪಟ್ಟಿಯನ್ನು ನೋಡಿ, ಜೊತೆಗೆ ಪ್ರಾಸ್ಟೇಟಿಗೆ ಇಳಿಯುತ್ತದೆಯೇ ಎಂಬುದನ್ನೂ ನೋಡಿ. ಪ್ರಯೋಗಾಲಯದ ಪಟ್ಟಿಯಲ್ಲಿ ನೈಟ್ರೋಫ್ಯುರಾಂಟಾಯಿನ್ ಎದುರು ಕೆಲಸ ಮಾಡುತ್ತದೆ ಎಂದು ಬರೆದಿದ್ದರೂ ಅದು ಗಾಜಿನ ತಟ್ಟೆಯ ಮಾತು, ಗ್ರಂಥಿಯ ಮಾತಲ್ಲ.

ಒಳಗೆ ಇಳಿದ ಮೇಲೂ ಕೆಲಸ ನಿಧಾನ. ಪ್ರಾಸ್ಟೇಟಿನ ಬಹುಪಾಲು ಗ್ರಂಥಿಭಾಗ ಹಿಂದೆ ಮತ್ತು ಬದಿಗಳಲ್ಲಿದೆ. ಅಲ್ಲಿನ ಸಣ್ಣ ನಾಳಗಳು ಉದ್ದವಾಗಿ, ಹೆಚ್ಚುಕಡಿಮೆ ಅಡ್ಡಲಾಗಿ ಬಂದು ಮೂತ್ರನಾಳಕ್ಕೆ ಸೇರುತ್ತವೆ. ಹಾಗಾಗಿ ಸರಿಯಾಗಿ ಬಸಿದುಹೋಗುವುದಿಲ್ಲ, ಮೂತ್ರ ಹಿಂದಕ್ಕೆ ನುಗ್ಗುವುದೂ ಸುಲಭ. ನಾಳಗಳಲ್ಲಿ ಕಟ್ಟಿಕೊಂಡ ಸಣ್ಣ ಕಲ್ಲುಗಳ ಮೇಲೆ ಬ್ಯಾಕ್ಟೀರಿಯಾ ಲೋಳೆಯ ಪದರ ಕಟ್ಟಿ ಕೂರುತ್ತದೆ. ಆ ಪದರದೊಳಗಿನ ಬ್ಯಾಕ್ಟೀರಿಯಾ ಬೆಳೆಯುವುದೇ ನಿಧಾನ, ಬೆಳೆಯುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುವಷ್ಟು ಸುಲಭವಾಗಿ ಅವುಗಳನ್ನು ಕೊಲ್ಲಲಾಗದು. ವಾರಗಟ್ಟಲೆ ಔಷಧಿಯ ಮಟ್ಟವನ್ನು ಬಿಡದೆ ಕಾಪಾಡಿಕೊಳ್ಳುವುದೇ ಇದಕ್ಕೆ ಉಪಾಯ.

ಆರು ವಾರದಲ್ಲಿ ಎಡವುವುದು ಎಲ್ಲಿ

ಇಷ್ಟು ದಿನ ಮಾತ್ರೆ ನುಂಗುವಾಗ ಮಾಡುವ ಸಾಮಾನ್ಯ ತಪ್ಪು ಬಹಳ ಸಣ್ಣದು. ಸಿಪ್ರೊಫ್ಲಾಕ್ಸಾಸಿನ್ ಅನ್ನು ಆ್ಯಂಟಾಸಿಡ್, ಕಬ್ಬಿಣದ ಮಾತ್ರೆ, ಸತುವಿನ ಮಾತ್ರೆ ಅಥವಾ ಕ್ಯಾಲ್ಸಿಯಂ ಜೊತೆ ತೆಗೆದುಕೊಂಡರೆ ಈ ಲೋಹಗಳು ಔಷಧಿಯನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತವೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆಯಾಗುತ್ತದೆ. ಬರೀ ಹಾಲು ಮೊಸರಿನ ಜೊತೆಗೂ ಇದೇ ಕಥೆ. ಆ ಪದಾರ್ಥಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಮಾತ್ರೆ ತೆಗೆದುಕೊಳ್ಳಬೇಕು. ಹೊಟ್ಟೆಯುರಿಗೆಂದು ದಿನಾ ಆ್ಯಂಟಾಸಿಡ್ ಕುಡಿಯುವವರಲ್ಲಿ ಚಿಕಿತ್ಸೆ ಸೋತರೆ ಬ್ಯಾಕ್ಟೀರಿಯಾವನ್ನು ದೂರುವ ಮುನ್ನ ಇದನ್ನು ಕೇಳಬೇಕು.

ಇನ್ನೊಂದು ಅಪಾಯಕಾರಿ ಜೋಡಿಯಿದೆ. ಸ್ನಾಯು ಬಿಗಿತಕ್ಕೆ ಕೊಡುವ ಟಿಜಾನಿಡಿನ್ ಮತ್ತು ಸಿಪ್ರೊಫ್ಲಾಕ್ಸಾಸಿನ್ ಒಟ್ಟಿಗೆ ಕೂಡದು. ಟಿಜಾನಿಡಿನ್ ರಕ್ತದಲ್ಲಿ ಹಲವು ಪಟ್ಟು ಏರಿ ರಕ್ತದೊತ್ತಡ ಕುಸಿಯುತ್ತದೆ. ಶ್ರೋಣಿಯ ನೋವಿಗೆ ಬೇರೆ ಕಡೆ ತೋರಿಸಿಕೊಂಡು ಸ್ನಾಯು ಸಡಿಲಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಎರಡೂ ಚೀಟಿಗಳನ್ನು ಒಂದೇ ವೈದ್ಯರಿಗೆ ತೋರಿಸಲೇಬೇಕು. ಈ ಗುಂಪಿನ ಔಷಧಿಗಳಿಗೆ ತಮ್ಮದೇ ಅಡ್ಡಪರಿಣಾಮಗಳೂ ಇವೆ. ಹಿಮ್ಮಡಿಯ ಹಿಂಭಾಗದ ಸ್ನಾಯುರಜ್ಜು ನೋಯುವುದು, ಹರಿಯುವುದು ಅದರಲ್ಲಿ ಪ್ರಸಿದ್ಧ. ಅರವತ್ತು ದಾಟಿದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಹೆಚ್ಚು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2008ರಲ್ಲೇ ಇದಕ್ಕೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಹಿಮ್ಮಡಿ ನೋವು, ಕೈಕಾಲು ಜುಮುಗುಡುವುದು, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯುವುದು ಕಂಡರೆ ಮುಂದಿನ ಮಾತ್ರೆ ನುಂಗದೆ ಅದೇ ದಿನ ವೈದ್ಯರನ್ನು ಕೇಳಬೇಕು. ಬ್ಯಾಕ್ಟೀರಿಯಾ ಇದೆ ಎಂದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಇದನ್ನು ಕೊಡುವುದು ಸರಿಯಲ್ಲ ಎನ್ನುವುದು ಈ ಕಾರಣಕ್ಕೇ.

ನಮ್ಮ ವ್ಯಕ್ತಿಗೆ ಆರು ವಾರದ ಕೋರ್ಸ್ ಮುಗಿದ ಮೇಲೆ ಮತ್ತೆ ಕಲ್ಚರ್ ಮಾಡಬೇಕು. ಮಾತ್ರೆ ನಿಲ್ಲಿಸಿದ ಮರುದಿನ ಮಾಡಿದರೆ ಶುದ್ಧವೆಂದೇ ಬರುತ್ತದೆ, ಕೆಲವು ವಾರ ಬಿಟ್ಟು ಮಾಡಿದರೆ ನಿಜ ಗೊತ್ತಾಗುತ್ತದೆ. ಅದೇ ಇ. ಕೋಲೈ ಮತ್ತೆ ಬಂದರೆ ಕಲ್ಲುಗಳಿವೆಯೇ, ಕೀವು ಕಟ್ಟಿದೆಯೇ, ಮೂತ್ರ ಬಿಟ್ಟ ಮೇಲೂ ಮೂತ್ರಕೋಶದಲ್ಲಿ ಉಳಿಯುತ್ತಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಇನ್ನೊಂದು ದೀರ್ಘ ಕೋರ್ಸ್, ಅದೂ ಸೋತರೆ ಕಡಿಮೆ ಪ್ರಮಾಣದ ಆ್ಯಂಟಿಬಯಾಟಿಕ್ ಅನ್ನು ತಿಂಗಳುಗಟ್ಟಲೆ ಕೊಟ್ಟು ಮರುಕಳಿಸದಂತೆ ಹತ್ತಿಕ್ಕುವುದು, ಹೀಗೆ ಮುಂದಿನ ಮೆಟ್ಟಿಲುಗಳಿವೆ.

ಬ್ಯಾಕ್ಟೀರಿಯಾ ಸಿಗದಿದ್ದಾಗ

ಈಗ ಅದೇ ವ್ಯಕ್ತಿಯ ಎರಡೂ ಡಬ್ಬಿಗಳಲ್ಲಿ ಏನೂ ಬೆಳೆಯಲಿಲ್ಲ, ಹಿಂದೆಯೂ ಒಂದೇ ಒಂದು ಕಲ್ಚರ್ ಪಾಸಿಟಿವ್ ಬಂದಿಲ್ಲ ಎಂದಿಟ್ಟುಕೊಳ್ಳಿ. ನೋವು ಅದೇ, ಧಾರೆ ಅದೇ, ಕಾಯಿಲೆ ಬೇರೆ. ಇದು ಮೂರನೆಯ ವಿಧ.

ಇಲ್ಲಿ ಶುರುವಿನಲ್ಲಿ ಗ್ರಂಥಿಗೆ ಏನೋ ಪೆಟ್ಟು ಬಿದ್ದಿರಬಹುದು, ಹಳೆಯ ಸೋಂಕೂ ಆಗಿರಬಹುದು. ಅದು ಹೋದ ಮೇಲೂ ನೋವು ಉಳಿದಿದೆ. ಶ್ರೋಣಿ ತಳದ ಸ್ನಾಯುಗಳು ಸದಾ ಬಿಗಿಹಿಡಿದು, ಒತ್ತಿದರೆ ನೋಯುವ ಗಂಟುಗಳಾಗಿರುತ್ತವೆ. ತಿಂಗಳುಗಟ್ಟಲೆ ನೋವಿನ ಸುದ್ದಿ ಹೊತ್ತ ನರಗಳು ಸಣ್ಣ ಪ್ರಚೋದನೆಗೂ ನೋವು ಎಂದು ಹೇಳಲು ಕಲಿತುಬಿಡುತ್ತವೆ. ಮೂತ್ರದ ಬಿಗಿತ, ಸ್ನಾಯು, ನರ, ಆತಂಕ ಇವುಗಳಲ್ಲಿ ಯಾರಿಗೆ ಯಾವುದು ಮುಖ್ಯ ಎಂಬುದು ಬೇರೆಬೇರೆ. ಅದಕ್ಕೇ ಎಲ್ಲರಿಗೂ ಒಂದೇ ಮಾತ್ರೆ ಇಲ್ಲಿ ಫಲಿಸುವುದಿಲ್ಲ.

ಇದು ಪ್ರಯೋಗಗಳಲ್ಲೂ ಕಂಡಿದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 196 ಗಂಡಸರಿಗೆ ಆರು ವಾರ ಸಿಪ್ರೊಫ್ಲಾಕ್ಸಾಸಿನ್, ಮೂತ್ರದ ದಾರಿಯನ್ನು ಸಡಿಲಿಸುವ ಟ್ಯಾಮ್ಸುಲೋಸಿನ್, ಎರಡೂ, ಅಥವಾ ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟರು. ಹುಸಿಮಾತ್ರೆಗಿಂತ ಹೇಳಿಕೊಳ್ಳುವಂಥ ಹೆಚ್ಚು ಲಾಭ ಯಾವುದರಿಂದಲೂ ಸಿಗಲಿಲ್ಲ. ಅವರಲ್ಲಿ ಹಲವರು ಮೊದಲೇ ಸಾಕಷ್ಟು ಚಿಕಿತ್ಸೆ ಪಡೆದು ಸೋತವರು ಎಂಬುದನ್ನೂ ಗಮನಿಸಬೇಕು. 2008ರಲ್ಲಿ ಹೊಸದಾಗಿ ಪತ್ತೆಯಾದ 272 ಮಂದಿಗೆ ಹನ್ನೆರಡು ವಾರ ಟ್ಯಾಮ್ಸುಲೋಸಿನ್ ಗುಂಪಿನದೇ ಆದ ಆಲ್ಫುಜೋಸಿನ್ ಕೊಟ್ಟಾಗ ಔಷಧಿ ಗುಂಪಿನಲ್ಲೂ ಹುಸಿಮಾತ್ರೆ ಗುಂಪಿನಲ್ಲೂ ಸುಧಾರಿಸಿದವರು ಶೇ. 49.3, ಸರಿಸಮ. ಹಾಗಿದ್ದೂ ಧಾರೆ ಸಣ್ಣಗಿದ್ದವರಿಗೆ ಈ ಗುಂಪಿನ ಔಷಧಿಯನ್ನು ಪ್ರಯತ್ನಿಸಿ ನೋಡುವುದುಂಟು. ಮೂತ್ರಕೋಶದ ಬಾಯಿಯ ಸ್ನಾಯುವನ್ನು ಅದು ಸಡಿಲಿಸುತ್ತದೆ, ಧಾರೆ ಕೆಲವು ದಿನಗಳಲ್ಲೇ ಸುಧಾರಿಸಬಹುದು. ನೋವಿನ ಲೆಕ್ಕ ಹೇಳಲು ಆರರಿಂದ ಹನ್ನೆರಡು ವಾರ ಬೇಕು. ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ಶುರು ಮಾಡಿದಾಗ ಎದ್ದುನಿಂತರೆ ತಲೆಸುತ್ತಬಹುದು, ವೀರ್ಯ ಹೊರಬರುವುದು ಕಡಿಮೆಯಾಗಬಹುದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಆ ವೈದ್ಯರಿಗೆ ಈ ಮಾತ್ರೆಯ ವಿಷಯ ಹೇಳಬೇಕು, ಕಣ್ಣಿನ ಪಾಪೆಯ ಮೇಲೂ ಅದರ ಪ್ರಭಾವವಿದೆ.

ಸ್ನಾಯು ಬಿಗಿತವೇ ಮುಖ್ಯವಾದವರಿಗೆ ಶ್ರೋಣಿ ತಳದ ಫಿಸಿಯೋಥೆರಪಿ ಬೇಕು. ಇಲ್ಲೊಂದು ಎಡವಟ್ಟು ಪದೇಪದೇ ಆಗುತ್ತದೆ. ಪ್ರಾಸ್ಟೇಟ್ ಎಂದ ಕೂಡಲೇ ಕೆಗೆಲ್ ವ್ಯಾಯಾಮ ಶುರುಮಾಡುತ್ತಾರೆ. ಅದು ಸ್ನಾಯುವನ್ನು ಬಿಗಿಗೊಳಿಸುವ ವ್ಯಾಯಾಮ. ಮೊದಲೇ ಬಿಗಿದ ಸ್ನಾಯುವನ್ನು ಇನ್ನಷ್ಟು ಬಿಗಿದರೆ ನೋವೂ ಹೆಚ್ಚು, ಧಾರೆಯೂ ಸಣ್ಣ. ಇವರಿಗೆ ಬೇಕಾದದ್ದು ತದ್ವಿರುದ್ಧ: ಹೊಟ್ಟೆ ತುಂಬ ಉಸಿರೆಳೆದು ಉಸಿರಿನ ಜೊತೆ ತಳವನ್ನು ಕೆಳಕ್ಕೆ ಸಡಿಲಬಿಡುವುದು, ನೋವಿನ ಗಂಟುಗಳನ್ನು ತರಬೇತಾದ ಕೈಯಿಂದ ಒತ್ತಿ ಬಿಡಿಸುವುದು, ತೊಡೆಸಂದಿ ಮತ್ತು ಸೊಂಟದ ಸ್ನಾಯುಗಳನ್ನು ಎಳೆದು ಸಡಿಲಿಸುವುದು. ವಾರಕ್ಕೊಮ್ಮೆಯಂತೆ ಹತ್ತು ಸಲದವರೆಗೆ ಮಾಡಿಸಿಕೊಂಡು, ನಡುವೆ ಮನೆಯಲ್ಲೂ ಮಾಡಬೇಕು. ವರ್ಷಗಳಿಂದ ಬಿಗಿದುಕೊಂಡು ಅಭ್ಯಾಸವಾದ ಸ್ನಾಯು ಎರಡು ಭೇಟಿಯಲ್ಲಿ ಬಿಡುವುದಿಲ್ಲ. ಜೊತೆಗೆ ಹದಿನೈದು ಇಪ್ಪತ್ತು ನಿಮಿಷ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು, ಸದ್ಯಕ್ಕೆ ಸೈಕಲ್ ಸೀಟನ್ನು ಬಿಡುವುದು ನೆರವಾಗುತ್ತದೆ.

ಸುಧಾರಣೆ ನಿಧಾನವಾದ್ದರಿಂದ ನೆನಪನ್ನು ನಂಬಿ ಹೇಳುವುದು ಕಷ್ಟ, ಕೆಟ್ಟ ದಿನವೊಂದು ಬಂದರೆ ಇಡೀ ತಿಂಗಳು ಹಾಗೇ ಇತ್ತು ಅನಿಸುತ್ತದೆ. ಅದಕ್ಕೆ ಒಂದು ಪ್ರಶ್ನಾವಳಿ ಇದೆ. ನೋವಿಗೆ 21, ಮೂತ್ರದ ತೊಂದರೆಗೆ 10, ದಿನನಿತ್ಯದ ಬದುಕಿನ ಮೇಲಾದ ಪರಿಣಾಮಕ್ಕೆ 12, ಒಟ್ಟು 43 ಅಂಕ. ಶುರುವಿನಲ್ಲೊಮ್ಮೆ, ಆರು ವಾರಕ್ಕೊಮ್ಮೆ ತುಂಬಿಸಿದರೆ ಸಾಕು. ಆರು ಅಂಕ ಇಳಿದರೆ ರೋಗಿಗೆ ನಿಜವಾಗಿ ಗೊತ್ತಾಗುವಷ್ಟು ಸುಧಾರಣೆ. 26ರಿಂದ 19ಕ್ಕೆ ಬಂದರೆ ಅದೇ ದಾರಿಯಲ್ಲಿ ಮುಂದುವರಿಯಬಹುದು. 26ರಿಂದ 25ಕ್ಕೆ ಬಂದರೆ ಬೇರೆ ದಾರಿ ನೋಡಬೇಕು. ಮೂರನೆಯ ವಿಧದವರಿಗೂ ಶುರುವಿನಲ್ಲಿ ಒಂದು ಸಲ ನಾಲ್ಕರಿಂದ ಆರು ವಾರ ಆ್ಯಂಟಿಬಯಾಟಿಕ್ ಕೊಟ್ಟು ನೋಡುವ ರೂಢಿ ಇದೆ. ಅಂಕ ಇಳಿಯದಿದ್ದರೆ ಎರಡನೆಯ ಕೋರ್ಸಿಗೆ ಅರ್ಥವಿಲ್ಲ.

ಆರು ವಾರ ಕಳೆದರೂ ಅಲುಗಾಡದ ನೋವಿಗೆ ಬೇರೆ ಹೆಸರಿದೆಯೇ ಎಂದೂ ಮತ್ತೆ ಹುಡುಕಬೇಕು. 150 ಮಿ.ಲೀ.ಗಿಂತ ಹೆಚ್ಚು ಮೂತ್ರ ತುಂಬಿಕೊಂಡು ಯಂತ್ರದ ಮುಂದೆ ಮೂತ್ರ ಬಿಡಿಸಿ ಧಾರೆಯ ವೇಗ ಅಳೆದಾಗ ಸೆಕೆಂಡಿಗೆ 10 ಮಿ.ಲೀ.ಗಿಂತ ಕಡಿಮೆ ಬಂದರೆ, ಅದೂ ಒಂದೇ ಸಮನೆ ಚಪ್ಪಟೆಯಾದ ಗೆರೆ ಬಂದರೆ, ಮೂತ್ರನಾಳ ಸಂಕುಚಿತಗೊಂಡಿರುವ ಅನುಮಾನ ಬರುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ ಮೂತ್ರಕೋಶದೊಳಗೆ ನೋಡಲೇಬೇಕು. ಕುಳಿತಾಗ ಮಾತ್ರ ಉರಿಯುವ, ಕಮೋಡಿನ ಮೇಲೆ ಕುಳಿತಾಗ ಮಾತ್ರ ಹಾಯೆನಿಸುವ ನೋವು ಆ ಜಾಗದ ನರವೇ ಸಿಕ್ಕಿಕೊಂಡದ್ದಾಗಿರಬಹುದು. ಮಲವಿಸರ್ಜನೆಯ ಹೊತ್ತಿಗೆ ಸೀಳಿದಂತಾದರೆ ಗುದದ್ವಾರದ ಬಿರುಕು. ಇವನ್ನೆಲ್ಲ ಮುಂದಿನ ಭೇಟಿಯವರೆಗೆ ಕಾದು ಕೇಳಬಹುದು. ಮೂತ್ರ ಪೂರ್ತಿ ಕಟ್ಟಿದರೆ, ಚಳಿಜ್ವರ ಬಂದರೆ, ಆ ಜಾಗದ ಚರ್ಮ ಕಪ್ಪಾಗಿ ಊದಿ ನೋವು ಗಂಟೆಗಂಟೆಗೆ ಹರಡಿದರೆ, ಅಥವಾ ತೊಡೆಗಳ ಒಳಭಾಗ ಮತ್ತು ಗುದದ್ವಾರದ ಸುತ್ತ ಮರಗಟ್ಟಿ ಕಾಲು ಸೋತರೆ ಕಾಯುವಂತಿಲ್ಲ, ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಬೇಕು.